ಎರಡು ಡಬ್ಬಿ, ಎರಡು ಲೆಕ್ಕ

ಕೆಲವು ಇನ್ಹೇಲರ್‌ಗಳ ಬೆನ್ನಿನಲ್ಲಿ ಒಂದು ಪುಟ್ಟ ಕಿಟಕಿ ಇರುತ್ತದೆ, ಅದರೊಳಗೊಂದು ಅಂಕಿ. ಹೊಸದಾಗಿ ತಂದಾಗ 200 ಎಂದಿರುವ ಅಂಕಿ ಒತ್ತಿದ ಹಾಗೆಲ್ಲ ಒಂದೊಂದೇ ಇಳಿಯುತ್ತ ಹೋಗುತ್ತದೆ. ಮನೆಯವರು ಮರೆತದ್ದನ್ನೂ ಹೇಳಲು ಹಿಂಜರಿದದ್ದನ್ನೂ ಆ ಕಿಟಕಿ ವೈದ್ಯರಿಗೆ ಹೇಳಿಬಿಡುತ್ತದೆ.

ತುಮಕೂರಿನ ಕಡೆಯ ಮೂರು ವರ್ಷದ ಹುಡುಗಿಯೊಬ್ಬಳು ಉಬ್ಬಸದಿಂದ ಬಳಲುತ್ತಿದ್ದಾಳೆ ಎಂದಿಟ್ಟುಕೊಳ್ಳೋಣ. ನಲವತ್ತು ದಿನದ ಹಿಂದೆ ವೈದ್ಯರು ಎರಡು ಇನ್ಹೇಲರ್ ಬರೆದುಕೊಟ್ಟಿದ್ದರು. ಒಂದರಲ್ಲಿ ಬುಡೆಸೊನೈಡ್, ಬೆಳಿಗ್ಗೆ ಒಂದು ಪಫ್, ರಾತ್ರಿ ಒಂದು ಪಫ್. ಇನ್ನೊಂದರಲ್ಲಿ ಸಾಲ್ಬುಟಮಾಲ್, ಉಬ್ಬಸ ಬಂದಾಗ ಮಾತ್ರ. ದಿನಕ್ಕೆರಡರಂತೆ 80 ಪಫ್ ಖರ್ಚಾಗಿ ಮೊದಲನೆಯದರ ಅಂಕಿ 120ಕ್ಕೆ ಬಂದಿರಬೇಕಿತ್ತು. ಅದು 171ರಲ್ಲಿ ನಿಂತಿದೆ. ಎರಡನೆಯದು 124ಕ್ಕೆ ಇಳಿದಿದೆ. ದಿನವೂ ಕೊಡಬೇಕಿದ್ದ ಔಷಧ 29 ಸಲ ಹೋಗಿದೆ, ಅಪರೂಪಕ್ಕೆ ಬೇಕಾಗಬೇಕಿದ್ದದ್ದು 76 ಸಲ. "ದಿನಾ ಪಂಪ್ ಹಾಕ್ತಾನೇ ಇದೀವಿ ಡಾಕ್ಟ್ರೇ, ಆದ್ರೂ ಕಮ್ಮಿ ಆಗ್ತಿಲ್ಲ" ಎನ್ನುವ ತಾಯಿಯ ಮಾತು ಸುಳ್ಳಲ್ಲ. ಹಾಕುತ್ತಿರುವುದು ಯಾವ ಪಂಪ್ ಎನ್ನುವುದಷ್ಟೇ ಪ್ರಶ್ನೆ.

ಇಂಥ ಮನೆಗಳು ಕಡಿಮೆಯೇನಿಲ್ಲ. ಬೆಂಗಳೂರಿನಲ್ಲಿ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಆಸ್ಪತ್ರೆಗೆ ಬಂದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ಪ್ರಕಟಿಸಿದ ಅಂಕಿಗಳಲ್ಲಿ, 1979ರಲ್ಲಿ ಶೇ. 9 ಇದ್ದ ಅಸ್ತಮಾ 1999ರ ಹೊತ್ತಿಗೆ ಶೇ. 29.5ಕ್ಕೆ ಏರಿತ್ತು.

ಉಬ್ಬಸದಲ್ಲಿ ಶ್ವಾಸನಾಳಕ್ಕೆ ಎರಡು ತೊಂದರೆ ಒಟ್ಟಿಗೇ ಆಗುತ್ತವೆ. ನಾಳದ ಸುತ್ತ ಇರುವ ಸ್ನಾಯು ಬಿಗಿದುಕೊಂಡು ದಾರಿ ಕಿರಿದಾಗುತ್ತದೆ. ಒಳಗೋಡೆ ಕೆಂಪೇರಿ ಊದಿಕೊಂಡು ಕಫ ಸುರಿಸುತ್ತದೆ. ಸಾಲ್ಬುಟಮಾಲ್, ಲೆವೊಸಾಲ್ಬುಟಮಾಲ್ ಮೊದಲನೆಯ ತೊಂದರೆಗೆ ಮಾತ್ರ ಮದ್ದು. ಐದು ನಿಮಿಷದ ಆಸುಪಾಸಿನಲ್ಲೇ ಸ್ನಾಯು ಸಡಿಲವಾಗುತ್ತದೆ, ಎದೆಯ ಸುಯ್‌ಸುಯ್ ತಗ್ಗುತ್ತದೆ, ಮಗು ಆಟಕ್ಕೆ ಎದ್ದು ಹೋಗುತ್ತದೆ. ಆದರೆ ಅದರ ಕೆಲಸ ನಾಲ್ಕರಿಂದ ಆರು ಗಂಟೆಯವರೆಗೆ ಅಷ್ಟೇ. ಊದಿದ ಗೋಡೆ ಊದಿದಂತೆಯೇ ಇರುತ್ತದೆ. ಆ ಊತವನ್ನು ಇಳಿಸುವುದು ಬುಡೆಸೊನೈಡ್, ಫ್ಲುಟಿಕಸೋನ್, ಬೆಕ್ಲೊಮೆಥಸೋನ್‌ನಂಥ ಸ್ಟೀರಾಯ್ಡ್ ಇನ್ಹೇಲರ್. ಅದು ನಿಧಾನಿ. ಗುಣ ಕಾಣಲು ದಿನಗಳು ಬೇಕು, ಪೂರ್ತಿ ಫಲ ಸಿಗಲು ವಾರಗಳು. ಎಳೆದುಕೊಂಡ ಕೂಡಲೇ ಏನೂ ಆದಂತೆ ಅನ್ನಿಸುವುದಿಲ್ಲ. ಉಬ್ಬಸ ಜೋರಾಗಿರುವಾಗ ಇದೊಂದನ್ನೇ ಹಾಕುತ್ತ ಕೂತರೆ ಪ್ರಯೋಜನವೂ ಇಲ್ಲ.

ಮನೆಯವರು ಮೊದಲನೆಯದನ್ನು ನೆಚ್ಚಿಕೊಂಡು ಎರಡನೆಯದನ್ನು ಮರೆಯುವುದು ಇದೇ ಕಾರಣಕ್ಕೆ. ಕಣ್ಣೆದುರೇ ಕೆಲಸ ಮಾಡಿದ್ದನ್ನು ಯಾರು ತಾನೇ ನಂಬುವುದಿಲ್ಲ? ಐದು ವರ್ಷದೊಳಗಿನ ಮಗುವಿಗೆ ಆರಾಮ ಕೊಡುವ ಇನ್ಹೇಲರ್ ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಬೇಕಾಗುತ್ತಿದ್ದರೆ ಅಸ್ತಮಾ ಹತೋಟಿಯಲ್ಲಿಲ್ಲ ಎಂದೇ ವೈದ್ಯರು ಎಣಿಸುತ್ತಾರೆ. ಈ ಹುಡುಗಿಗೆ ಒಂದು ಸಲಕ್ಕೆ ಎರಡು ಪಫ್ ಎಂದು ಹಿಡಿದರೂ ನಲವತ್ತು ದಿನದಲ್ಲಿ 38 ಸಲ ಬೇಕಾಗಿದೆ.

ಡಬ್ಬಿಯ ಬಣ್ಣ ನೋಡಿ ಗುರುತು ಹಿಡಿಯುವ ರೂಢಿಯಲ್ಲೂ ಒಂದು ಅಪಾಯವಿದೆ. ಆರಾಮ ಕೊಡುವುದು ನೀಲಿ, ತಡೆಯುವುದು ಕಂದು ಎಂಬ ಮಾತು ಬಹಳ ಕಡೆ ನಿಜವಾದರೂ ಕಂಪನಿ ಬದಲಾದರೆ ಬಣ್ಣವೂ ಬದಲಾಗಬಹುದು. ಔಷಧದ ಹೆಸರು ಓದಿ, ಒಂದರ ಮೇಲೆ "ದಿನಾ", ಇನ್ನೊಂದರ ಮೇಲೆ "ಉಬ್ಬಸ ಬಂದಾಗ" ಎಂದು ಮಾರ್ಕರ್ ಪೆನ್ನಿನಲ್ಲಿ ಬರೆದಿಟ್ಟರೆ ರಾತ್ರಿ ಎರಡು ಗಂಟೆಯ ಗಾಬರಿಯಲ್ಲೂ ಅಜ್ಜಿಗೆ ಗೊಂದಲವಾಗದು.

ಸ್ಟೀರಾಯ್ಡ್ ಎಂದ ಕೂಡಲೇ ಮನೆಯ ಹಿರಿಯರ ಮುಖ ಬಾಡುತ್ತದೆ. "ಅಭ್ಯಾಸ ಆಗೋಗತ್ತೆ, ಸಿರಪ್ಪೇ ವಾಸಿ" ಎನ್ನುವುದು ಸಾಮಾನ್ಯ. ಆ ಸಿರಪ್ಪಿನ ಲೆಕ್ಕವನ್ನೇ ಹಾಕಿ ನೋಡಬಹುದು. ಸಾಲ್ಬುಟಮಾಲ್ ಸಿರಪ್ಪಿನ 5 ಮಿಲಿಯಲ್ಲಿ ಸಾಮಾನ್ಯವಾಗಿ 2 ಮಿಲಿಗ್ರಾಂ ಔಷಧ ಇರುತ್ತದೆ. ಅರ್ಧ ಚಮಚ, ಅಂದರೆ 2.5 ಮಿಲಿ ಕುಡಿಸಿದರೆ 1 ಮಿಲಿಗ್ರಾಂ ಹೊಟ್ಟೆಗೆ ಹೋಯಿತು. ಅದೇ ಔಷಧದ ಇನ್ಹೇಲರ್‌ನಲ್ಲಿ ಒಂದು ಪಫ್‌ಗೆ 100 ಮೈಕ್ರೊಗ್ರಾಂ. ಅರ್ಧ ಚಮಚ ಸಿರಪ್ ಹತ್ತು ಪಫ್‌ಗೆ ಸಮ! ಅದು ರಕ್ತದಲ್ಲಿ ಮೈಯೆಲ್ಲ ಸುತ್ತುವುದರಿಂದಲೇ ಮಗುವಿನ ಕೈ ನಡುಗುವುದು, ಎದೆ ಡವಗುಟ್ಟುವುದು. ಸ್ಟೀರಾಯ್ಡ್ ಇನ್ಹೇಲರ್‌ನಿಂದ ಏನೂ ಆಗುವುದಿಲ್ಲ ಎಂದೂ ಹೇಳಲಾಗದು. ವರ್ಷಗಟ್ಟಲೆ ಬುಡೆಸೊನೈಡ್ ಬಳಸಿದ ಮಕ್ಕಳು ದೊಡ್ಡವರಾದ ಮೇಲೆ ಸರಾಸರಿ ಸುಮಾರು ಒಂದು ಸೆಂಟಿಮೀಟರ್ ಗಿಡ್ಡವಿದ್ದುದು ಅಮೆರಿಕದ ಒಂದು ದೀರ್ಘ ಅಧ್ಯಯನದಲ್ಲಿ ಕಂಡಿದೆ. ಅದಕ್ಕೇ ವೈದ್ಯರು ಹತೋಟಿಗೆ ಸಾಕಾಗುವ ಅತಿ ಕಡಿಮೆ ಪ್ರಮಾಣಕ್ಕೆ ಇಳಿಸುತ್ತ ಹೋಗುತ್ತಾರೆ, ಪ್ರತಿ ಭೇಟಿಯಲ್ಲೂ ಎತ್ತರ ಅಳೆಯುತ್ತಾರೆ. ನಡುನಡುವೆ ಮನೆಯವರೇ ನಿಲ್ಲಿಸಿದರೆ ಊತ ಮತ್ತೆ ಏರುತ್ತದೆ. ಅದು ಚಟವಲ್ಲ, ಕಾಯಿಲೆ ಹೋಗಿಲ್ಲ ಎಂಬುದರ ಗುರುತು.

ಇಷ್ಟೆಲ್ಲ ಸರಿಯಾಗಿದ್ದೂ ಔಷಧ ಎದೆಗೆ ತಲುಪದೇ ಇರಬಹುದು. ಡಬ್ಬಿಯಿಂದ ಔಷಧ ಭಾರಿ ವೇಗದಲ್ಲಿ ಚಿಮ್ಮುತ್ತದೆ. ನೇರವಾಗಿ ಬಾಯಿಗೆ ಒತ್ತಿದರೆ ಬಹುಪಾಲು ಗಂಟಲಿನ ಹಿಂಭಾಗಕ್ಕೆ ಬಡಿದು ಅಲ್ಲೇ ಅಂಟುತ್ತದೆ. ಒತ್ತುವ ಕ್ಷಣಕ್ಕೂ ಉಸಿರೆಳೆಯುವ ಕ್ಷಣಕ್ಕೂ ತಾಳೆಯಾಗಬೇಕು. ದೊಡ್ಡವರಿಗೇ ಕಷ್ಟವಾದ ಆ ಕೆಲಸ ಮೂರು ವರ್ಷದ ಮಗುವಿಗೆ ಸಾಧ್ಯವೇ ಇಲ್ಲ. ನಡುವೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಸೇರಿಸುವುದು ಅದಕ್ಕಾಗಿ. ದೊಡ್ಡ ಹನಿಗಳು ಕೊಳವೆಯಲ್ಲೇ ಉಳಿದು, ಸಣ್ಣ ಹನಿಗಳ ಮಂಜು ಒಂದಿಷ್ಟು ಹೊತ್ತು ಅಲ್ಲಿ ತೇಲುತ್ತದೆ. ಮಗು ತನ್ನ ಪಾಡಿಗೆ ಉಸಿರಾಡುತ್ತ ಅದನ್ನು ಒಳಗೆಳೆದುಕೊಳ್ಳುತ್ತದೆ. ಮೂರು ವರ್ಷದವರೆಗೆ ಸ್ಪೇಸರ್ ತುದಿಗೆ ಮಾಸ್ಕ್ ಇರಬೇಕು. ನಾಲ್ಕೈದು ವರ್ಷಕ್ಕೆ ತುಟಿ ಬಿಗಿಹಿಡಿದು ಬಾಯಿಂದಲೇ ಉಸಿರಾಡಲು ಬಂದರೆ ಮಾಸ್ಕ್ ತೆಗೆಯಬಹುದು.

ಮತ್ತೆ ಆ ಹುಡುಗಿಯ ಮನೆಗೆ ಬರೋಣ. ಅಪ್ಪ ಡಬ್ಬಿಯನ್ನು ಅಲುಗಾಡಿಸದೆ ಸ್ಪೇಸರ್‌ಗೆ ಸಿಕ್ಕಿಸುತ್ತಾನೆ. ಅಜ್ಜಿಯ ತೊಡೆಯ ಮೇಲೆ ಅಂಗಾತ ಮಲಗಿದ ಮಗು ಅಳುತ್ತಿದೆ. ಮಾಸ್ಕನ್ನು ಮುಖದ ಹತ್ತಿರ ಹಿಡಿದು ಒಂದರ ಹಿಂದೆ ಒಂದು ಎರಡು ಪಫ್ ಒತ್ತಿ, ಮೂರು ಎಣಿಸಿ ತೆಗೆದುಬಿಡುತ್ತಾನೆ. ಔಷಧದಲ್ಲಿ ಎದೆಗೆ ಇಳಿದದ್ದು ತೀರಾ ಅತ್ಯಲ್ಪ. ಅಳುವ ಮಗು ಉದ್ದಕ್ಕೆ ಉಸಿರು ಬಿಟ್ಟು ಗಕ್ಕನೆ ಎಳೆದುಕೊಳ್ಳುವುದರಿಂದ ಮಂಜು ಗಂಟಲಿಗೇ ಬಡಿಯುತ್ತದೆ. ಮಾಸ್ಕಿನ ಅಂಚಿಗೂ ಕೆನ್ನೆಗೂ ನಡುವೆ ಸಂದಿಯಿದ್ದರೆ ಮಗು ಹೊರಗಿನ ಗಾಳಿಯನ್ನೇ ಎಳೆಯುತ್ತದೆ, ಮಂಜು ಕೊಳವೆಯಲ್ಲೇ ಕೂರುತ್ತದೆ.

ಸರಿಯಾದ ಕ್ರಮ ಹೀಗೆ. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ಬೆನ್ನು ನಿಮ್ಮ ಎದೆಗೆ ತಾಗುವಂತೆ ಒಂದು ಕೈಯಿಂದ ಬಳಸಿ ಹಿಡಿಯಿರಿ. ಇನ್ಹೇಲರ್‌ನ ಮುಚ್ಚಳ ತೆಗೆದು ಚೆನ್ನಾಗಿ ಕುಲುಕಿ. ಹೊಸದಾಗಿದ್ದರೆ ಅಥವಾ ಹಲವು ದಿನ ಬಳಸದೆ ಬಿಟ್ಟಿದ್ದರೆ, ಜೊತೆಗಿರುವ ಚೀಟಿಯಲ್ಲಿ ಹೇಳಿದಷ್ಟು ಸಲ ಗಾಳಿಗೆ ಒತ್ತಿ. ಸ್ಪೇಸರ್‌ಗೆ ಸಿಕ್ಕಿಸಿ, ಮಾಸ್ಕನ್ನು ಮೂಗಿನ ಮೇಲ್ಭಾಗದಿಂದ ಗಲ್ಲದವರೆಗೆ ಮೃದುವಾಗಿ, ಆದರೆ ಸಂದಿಯಿಲ್ಲದಂತೆ ಕೂರಿಸಿ. ಕಣ್ಣು ಮಾಸ್ಕಿನ ಹೊರಗಿರಲಿ. ಈಗ ಒಂದೇ ಒಂದು ಪಫ್ ಒತ್ತಿ. ಸ್ಪೇಸರ್‌ನ ಕವಾಟ ಉಸಿರಿಗೆ ತಕ್ಕಂತೆ ಮಿಡಿಯುತ್ತದೆ. ಅದನ್ನು ನೋಡಿಕೊಂಡು ಐದರಿಂದ ಹತ್ತು ಉಸಿರು ಎಣಿಸಿ, ಆಮೇಲಷ್ಟೇ ಮಾಸ್ಕ್ ತೆಗೆಯಿರಿ. ಕವಾಟ ಅಲುಗದಿದ್ದರೆ ಮಾಸ್ಕ್ ಸರಿಯಾಗಿ ಕೂತಿಲ್ಲ ಅಥವಾ ಕವಾಟವೇ ಅಂಟಿಕೊಂಡಿದೆ. ಎರಡನೆಯ ಪಫ್ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ, ಎಲ್ಲವನ್ನೂ ಮೊದಲಿನಿಂದ. ಎರಡನ್ನೂ ಒಟ್ಟಿಗೆ ಒತ್ತಿದರೆ ಹನಿಗಳು ಒಂದಕ್ಕೊಂದು ಕೂಡಿ ದಪ್ಪಗಾಗಿ ಗೋಡೆಗೆ ಅಂಟುತ್ತವೆ. ಸ್ಟೀರಾಯ್ಡ್ ಹಾಕಿದ ಮೇಲೆ ಮಗುವಿನ ಮುಖ ಒರೆಸಿ, ಬಾಯಿ ಮುಕ್ಕಳಿಸಲು ಬಾರದಿದ್ದರೆ ನೀರು ಕುಡಿಸಿ. ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಬೂಷ್ಟು ಕಟ್ಟಬಹುದು. ಹಲ್ಲುಜ್ಜುವ ಮುಂಚೆ ಹಾಕುವ ರೂಢಿಯಿಟ್ಟರೆ ಬೆಳಿಗ್ಗೆ, ರಾತ್ರಿಯ ಎರಡೂ ಪಫ್ ಮರೆತುಹೋಗುವುದಿಲ್ಲ.

ಅಳುವ ಮಗುವಿಗೆ ಉಪಾಯ ಬೇಕು. ಔಷಧವಿಲ್ಲದ ಹೊತ್ತಿನಲ್ಲಿ ಮಾಸ್ಕನ್ನು ಆಟಕ್ಕೆ ಕೊಡಬಹುದು, ಗೊಂಬೆಗೆ "ಪಂಪ್" ಹಾಕಿಸಬಹುದು. ನಿದ್ದೆಯಲ್ಲಿದ್ದಾಗ ಹಾಕಿಬಿಡೋಣ ಎನ್ನುವ ಯೋಚನೆ ಸುಲಭವೆನಿಸಿದರೂ, ಮಾಸ್ಕ್ ತಾಗಿದೊಡನೆ ಎಷ್ಟೋ ಮಕ್ಕಳು ಎಚ್ಚೆತ್ತು ಮುಖ ತಿರುವುತ್ತವೆ.

ಸ್ಪೇಸರ್ ತೊಳೆಯುವುದರಲ್ಲೂ ಒಂದು ಗುಟ್ಟಿದೆ. ಒಣಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್‌ನಲ್ಲಿ ಸ್ಥಾಯಿ ವಿದ್ಯುತ್ ಹುಟ್ಟುತ್ತದೆ. ಬಾಚಣಿಗೆ ಕಾಗದದ ಚೂರನ್ನು ಎಳೆಯುವ ಹಾಗೆ ಕೊಳವೆಯ ಗೋಡೆ ಔಷಧವನ್ನು ಎಳೆದುಕೊಳ್ಳುತ್ತದೆ. ಹೊಸ ಸ್ಪೇಸರನ್ನು ಬಳಸುವ ಮುಂಚೆ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆಯಾದರೂ ಬೆಚ್ಚನೆಯ ನೀರಿಗೆ ಪಾತ್ರೆ ತೊಳೆಯುವ ದ್ರವ ಹಾಕಿ ಅದ್ದಿ, ಒರೆಸದೆ ತಾನಾಗಿ ಒಣಗಲು ಬಿಡಬೇಕು.

ಅಂಗಡಿಯ ಸ್ಪೇಸರೇ ಆಗಬೇಕೆಂದೂ ಇಲ್ಲ. ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನಲ್ಲಿ ಮಕ್ಕಳ ವೈದ್ಯೆ ಹೆದರ್ ಜಾರ್ ಮತ್ತು ಸಂಗಡಿಗರು 500 ಮಿಲಿಯ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಇನ್ಹೇಲರ್‌ನ ಬಾಯಿಯಷ್ಟೇ ಅಳತೆಯ ತೂತು ಕೊರೆದು, ಸಂದಿ ಮುಚ್ಚಿ ಸ್ಪೇಸರ್ ಮಾಡಿದರು. ಉಬ್ಬಸ ಬಂದ ಮಕ್ಕಳಲ್ಲಿ ಅದು ಅಂಗಡಿಯ ಸ್ಪೇಸರ್‌ನಷ್ಟೇ ಕೆಲಸ ಮಾಡಿತೆಂದು 1999ರಲ್ಲಿ ಪ್ರಕಟವಾಯಿತು. ಪ್ಲಾಸ್ಟಿಕ್ ಕಪ್ ಮಾತ್ರ ಅಷ್ಟು ಕೆಲಸಕ್ಕೆ ಬರಲಿಲ್ಲ.

ಉಬ್ಬಸ ಜೋರಾದರೆ? ಐದು ವರ್ಷದೊಳಗಿನ ಮಗುವಿಗೆ ಸಾಲ್ಬುಟಮಾಲ್ ಎರಡು ಪಫ್, ಒಂದಾದ ಮೇಲೊಂದರಂತೆ ಸ್ಪೇಸರ್ ಮೂಲಕ. ಇಪ್ಪತ್ತು ನಿಮಿಷಕ್ಕೊಮ್ಮೆ ಇನ್ನೆರಡು ಸಲ ಹೀಗೇ ಕೊಡಬಹುದು. ಎರಡು ಗಂಟೆಯೊಳಗೆ ಆರಕ್ಕಿಂತ ಹೆಚ್ಚು ಪಫ್ ಬೇಕಾದರೆ ಮನೆಯಲ್ಲಿ ಕಾಯಬಾರದು. ಪಕ್ಕೆಲುಬಿನ ನಡುವೆ ಚರ್ಮ ಗುಳಿ ಬೀಳುತ್ತಿದ್ದರೆ, ಮಗು ಮಾತಾಡಲು, ನೀರು ಕುಡಿಯಲು ಆಗದೆ ಏದುಸಿರು ಬಿಡುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಮಂಕಾಗಿ ತೂಗತೊಡಗಿದರೆ ಎಣಿಕೆಯ ಗೊಡವೆ ಬಿಟ್ಟು ಕೂಡಲೇ ಆಸ್ಪತ್ರೆಗೆ ಹೊರಡಬೇಕು. ದಾರಿಯುದ್ದಕ್ಕೂ ಪಫ್ ಕೊಡುತ್ತಿರಬಹುದು. ಒಂದು ವರ್ಷದೊಳಗಿನ ಕೂಸಾದರೆ ಮೊದಲೇ ವೈದ್ಯರಿಗೆ ತೋರಿಸುವುದು ಲೇಸು.

ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಚೀಟಿಯ ಜೊತೆಗೆ ಎರಡೂ ಇನ್ಹೇಲರ್, ಸ್ಪೇಸರ್, ಮಾಸ್ಕ್ ಚೀಲದಲ್ಲಿರಲಿ. ಮನೆಯಲ್ಲಿ ಹಾಕುವ ರೀತಿಯಲ್ಲೇ ಅವರೆದುರು ಒಮ್ಮೆ ಹಾಕಿ ತೋರಿಸಿ.