‘ಐದೇ ನಿಮಿಷ, ಬಂದೆ’ ಅನ್ನುವ ಮುನ್ನ

ಬೆಳಿಗ್ಗೆ 9.40. ಜಯನಗರದಿಂದ ಬೆಳ್ಳಂದೂರಿಗೆ ಹೊರಟ ಕ್ಯಾಬ್ ಸಿಲ್ಕ್ ಬೋರ್ಡ್ ಹತ್ತಿರ ನಿಂತೇಬಿಟ್ಟಿದೆ. ಮೀಟಿಂಗ್ ಇರುವುದು 10ಕ್ಕೆ. ಹಿಂದಿನ ಸೀಟಿನಲ್ಲಿ ಕೂತವರ ಬೆರಳು ತಾನಾಗಿಯೇ ಟೈಪ್ ಮಾಡುತ್ತದೆ: ‘ಸಾರಿ, ಟ್ರಾಫಿಕ್. ಐದೇ ನಿಮಿಷ, ಬಂದೆ.’

ಇದು ಆಗದ ಮಾತೆಂದು ಕಳಿಸುವವರಿಗೂ ಗೊತ್ತು, ಓದುವವರಿಗೂ ಗೊತ್ತು. ಆದರೆ ಐದೇ ನಿಮಿಷ ಅಂದಮೇಲೆ ಕಾಯದಿದ್ದರೆ ಚೆನ್ನಾಗಿರುವುದಿಲ್ಲ. ಹಾಗಾಗಿ ಅಲ್ಲಿ ಆರು ಜನ ಶುರು ಮಾಡಲೂ ಆಗದೆ, ಬೇರೆ ಕೆಲಸ ನೋಡಲೂ ಆಗದೆ ಫೋನ್ ನೋಡುತ್ತಾ ಕೂರುತ್ತಾರೆ. ‘20 ನಿಮಿಷ’ ಅಂದರೂ ತೊಡಕು ತಪ್ಪದು. ಆ ಮೆಸೇಜನ್ನು ಒಬ್ಬರು 9.41ಕ್ಕೆ ನೋಡುತ್ತಾರೆ, ಇನ್ನೊಬ್ಬರು 9.55ಕ್ಕೆ, ಇಬ್ಬರ ಲೆಕ್ಕವೂ ಬೇರೆ. ಅದಕ್ಕೇ ನಿಮಿಷ ಹೇಳುವ ಬದಲು ಗಡಿಯಾರದ ಹೊತ್ತನ್ನೇ ಹೇಳಬೇಕು.

ಎಷ್ಟು ಹೊತ್ತು? ಮ್ಯಾಪ್ 10.08 ಎಂದು ತೋರಿಸುತ್ತಿದೆ ಅನ್ನಿ. ಅದು ಗೇಟಿನವರೆಗಿನ ಲೆಕ್ಕ, ಕುರ್ಚಿಯವರೆಗಿನದಲ್ಲ. ಸೆಕ್ಯುರಿಟಿ ಹತ್ತಿರ ಹೆಸರು ಬರೆದು, ಪಾಸ್ ಪಡೆದು, ಲಿಫ್ಟಿಗೆ ಕಾದು ಮೇಲೆ ಹೋಗಲು ಇನ್ನೊಂದು ಹತ್ತು ನಿಮಿಷ. ಇಬ್ಬಲೂರಿನಲ್ಲಿ ಮತ್ತೆ ನಿಂತರೆ ಎಂದು ಏಳು ನಿಮಿಷ ಸೇರಿಸಿದರೆ 10.25. ಅದನ್ನೇ ಹೇಳಿ. 10.25 ಎಂದು ಹೇಳಿ 10.20ಕ್ಕೆ ಬಂದರೆ ಯಾರಿಗೂ ಬೇಸರವಿಲ್ಲ. 10.10 ಎಂದು ಹೇಳಿ 10.20ಕ್ಕೆ ಬಂದರೆ ಎರಡನೇ ಸಲ ಕ್ಷಮೆ ಕೇಳಬೇಕು.

ಇನ್ನು ‘ನೀವು ಶುರು ಮಾಡಿ’ ಅನ್ನುವ ಮಾತು. ಬರೀ ಅಷ್ಟೇ ಹೇಳಿದರೆ ಅದು ಉಪಚಾರದ ಮಾತಾಗಿ ಕೇಳಿಸುತ್ತದೆ; ‘ಬರಲಿ ಬಿಡಿ, ಕಾಯೋಣ’ ಅನ್ನುತ್ತಾರೆ. ಯಾವುದನ್ನು ಮೊದಲು ತೆಗೆದುಕೊಳ್ಳಬಹುದು, ಯಾವುದು ನಿಮಗಾಗಿ ಉಳಿಯಬೇಕು ಎಂದು ಬಿಡಿಸಿ ಹೇಳಿದರೆ ಮಾತ್ರ ಕೆಲಸ ಮುಂದೆ ಸಾಗುತ್ತದೆ. ಹೀಗೆ:

‘ನಮಸ್ಕಾರ ಸರ್. ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ, ಕ್ಷಮಿಸಿ. ರೂಮಿಗೆ ಬರುವಷ್ಟರಲ್ಲಿ 10.25 ಆಗುತ್ತದೆ. ದಯವಿಟ್ಟು ನನಗಾಗಿ ಕಾಯಬೇಡಿ, ಮೊದಲೆರಡು ವಿಷಯ ಮುಗಿಸಿಬಿಡಿ. ಬಜೆಟ್ ಮಾತ್ರ ಕೊನೆಗಿರಲಿ. ಅದರ ಶೀಟ್ ಗ್ರೂಪಿಗೆ ಹಾಕಿದ್ದೇನೆ.’

ಕ್ಷಮೆ ಒಂದೇ ಸಲ, ಕಾರಣ ಅರ್ಧ ಸಾಲು. ಟ್ರಾಫಿಕ್ ಪುರಾಣ ಬೇಡ, ಜಾಮಿನ ಫೋಟೊವೂ ಬೇಡ.

ಮೀಟಿಂಗ್ ಇರುವುದೇ ನಿಮ್ಮಿಬ್ಬರದಾದರೆ ‘ಶುರು ಮಾಡಿ’ ಅನ್ನುವುದಕ್ಕೆ ಅರ್ಥವಿಲ್ಲ. ಆಗ ‘10.30ಕ್ಕೆ ಇಟ್ಟುಕೊಳ್ಳೋಣವೇ, ಇಲ್ಲ ಈಗಲೇ ಫೋನಿನಲ್ಲಿ ಮಾತಾಡೋಣವೇ?’ ಎಂದು ಕೇಳಿ, ತೀರ್ಮಾನವನ್ನು ಅವರಿಗೇ ಬಿಡಿ. ಗಾಡಿ ನೀವೇ ಓಡಿಸುತ್ತಿದ್ದರೆ ಪಕ್ಕಕ್ಕೆ ನಿಲ್ಲಿಸಿ ಕಳಿಸಿ.

ಮುಖ್ಯವಾಗಿ, ಮೆಸೇಜ್ 9.40ಕ್ಕೇ ಹೋಗಬೇಕು. ಆಗ ಉಳಿದವರು ತಮ್ಮ ಕ್ರಮ ಬದಲಿಸಿಕೊಳ್ಳುತ್ತಾರೆ. 10.05ಕ್ಕೆ ಹೋದರೆ, ಕಾದು ಕಳೆದ ಐದು ನಿಮಿಷ ಹಿಂದೆ ಬಾರದು. 10.20ಕ್ಕೆ ಬಾಗಿಲು ತೆರೆದಾಗ ಎರಡನೇ ವಿಷಯ ಮುಗಿಯುತ್ತಿದ್ದರೆ, ಸದ್ದಿಲ್ಲದೆ ಹೋಗಿ ಕೂತರಾಯಿತು.