ಹೆಸರುಗಳು ಯಾವ ಖಾತೆಯಲ್ಲಿದ್ದವು?

ದಾವಣಗೆರೆಯಲ್ಲಿ ಶಾಮಿಯಾನ ಅಂಗಡಿ ಇಟ್ಟುಕೊಂಡಿರುವ ಒಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅವರ ಮೊಬೈಲಿನಲ್ಲಿ 900ಕ್ಕೂ ಹೆಚ್ಚು ಹೆಸರುಗಳಿವೆ: ಅಡುಗೆಯವರು, ಹೂವಿನವರು, ವಾಲಗದವರು, ಕಲ್ಯಾಣಮಂಟಪದ ಮ್ಯಾನೇಜರುಗಳು. ಒಂದು ಗುರುವಾರ ಬೆಳಿಗ್ಗೆ ಹೂವಿನವರಿಗೆ ಫೋನ್ ಮಾಡಲು ಹೋದರೆ ಆ ಹೆಸರೇ ಇಲ್ಲ. ಹುಡುಕುತ್ತ ಹೋದಂತೆ ಅರ್ಧಕ್ಕರ್ಧ ಪಟ್ಟಿಯೇ ಮಾಯವಾಗಿದೆ. ವಿಚಾರಿಸಿದಾಗ ಮಗ ಹೇಳುತ್ತಾನೆ: "ಭಾನುವಾರ ಫೋನ್ ಸ್ವಲ್ಪ ಕ್ಲೀನ್ ಮಾಡಿದ್ದೆ ಅಪ್ಪಾಜಿ. ಒಂದೇ ಹೆಸರು ಎರಡೆರಡು ಸಲ ಬರ್ತಿತ್ತು, ತೆಗೆದೆ. ಹಳೇ ಜಿಮೇಲೂ ಒಂದು ಸುಮ್ನೆ ಕೂತಿತ್ತು, ಅದನ್ನೂ ತೆಗೆದೆ."

ಮಗನ ಈ ಮಾತಿನಲ್ಲಿ ಎರಡು ಬೇರೆ ಬೇರೆ ಘಟನೆಗಳಿವೆ. ಎರಡರ ಪರಿಹಾರವೂ ಬೇರೆ. ಇದನ್ನು ತಿಳಿಯದೆ ಸಿಕ್ಕ ಬಟನ್ ಒತ್ತುತ್ತ ಹೋದರೆ ಉಳಿದಿರುವುದೂ ಕೈತಪ್ಪಬಹುದು.

ಆಂಡ್ರಾಯ್ಡ್ ಫೋನಿನಲ್ಲಿ ಕಾಣುವ ಪಟ್ಟಿ ಒಂದೇ ಆದರೂ ಅದರೊಳಗಿನ ಹೆಸರುಗಳು ಒಂದೇ ಕಡೆ ಇರುವುದಿಲ್ಲ. ಕೆಲವು ಒಂದು ಜಿಮೇಲ್ ಖಾತೆಯಲ್ಲಿ, ಕೆಲವು ಇನ್ನೊಂದರಲ್ಲಿ, ಕೆಲವು ಫೋನಿನ ಒಳಗೇ, ಕೆಲವು ಸಿಮ್‌ನಲ್ಲಿ ಇರುತ್ತವೆ. ಫೋನ್ ಇವನ್ನೆಲ್ಲ ಒಟ್ಟುಗೂಡಿಸಿ ಅಕಾರಾದಿಯಾಗಿ ತೋರಿಸುತ್ತದೆ. ಒಬ್ಬರದೇ ನಂಬರು ಎರಡು ಖಾತೆಗಳಲ್ಲಿದ್ದರೆ ಎಷ್ಟೋ ಸಲ ಎರಡನ್ನೂ ಸೇರಿಸಿ ಒಂದೇ ಹೆಸರಾಗಿ ತೋರಿಸುವುದೂ ಉಂಟು. ಆಗ ಆ ಒಂದು ಹೆಸರನ್ನು ಅಳಿಸಿದರೆ ಎರಡೂ ಖಾತೆಗಳಲ್ಲಿ ಅಳಿಯುತ್ತದೆ.

ಹಾಗಾಗಿ ಮೊದಲು ನೋಡಬೇಕಾದದ್ದು ಗೂಗಲ್ ಕಾಂಟ್ಯಾಕ್ಟ್ಸ್ ಆ್ಯಪಿನ ಬಲ ಮೇಲ್ತುದಿಯ ವೃತ್ತಾಕಾರದ ಚಿತ್ರವನ್ನು. ಅದನ್ನು ಒತ್ತಿದರೆ ಫೋನಿನಲ್ಲಿರುವ ಖಾತೆಗಳು ಕಾಣುತ್ತವೆ. ಒಂದೊಂದನ್ನೇ ಆರಿಸಿ, ಯಾವುದರಲ್ಲಿ ಯಾವ ಹೆಸರುಗಳಿವೆ ಎಂದು ಒಂದು ಕಾಗದದಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಈ ಕೆಲಸಕ್ಕೆ ಐದು ನಿಮಿಷ ಸಾಕು, ಆದರೆ ಮುಂದಿನ ಹುಡುಕಾಟವೆಲ್ಲ ಇದರ ಮೇಲೆಯೇ ನಿಂತಿದೆ.

ಅಂಗಡಿಯವರ ಫೋನಿನಲ್ಲಿ ಈಗ ಉಳಿದಿರುವುದು ಒಂದೇ ಜಿಮೇಲ್ ಖಾತೆ. ಕಂಪ್ಯೂಟರಿನಲ್ಲಿ ಆ ಖಾತೆಯಿಂದಲೇ `contacts.google.com` ತೆರೆದು, ಎಡಬದಿಯ ಪಟ್ಟಿಯ ಕೆಳಗಿರುವ ಕಸದ ಬುಟ್ಟಿಗೆ ಹೋಗಬೇಕು. ಭಾರತದ ಇಂಗ್ಲಿಷಿನಲ್ಲಿ ಅದರ ಹೆಸರು `Bin`, ಅಮೆರಿಕದ ಇಂಗ್ಲಿಷ್ ಆಯ್ಕೆಯಾಗಿದ್ದರೆ `Trash`. ಅಲ್ಲಿ 64 ಹೆಸರುಗಳಿವೆ. ಪ್ರತಿಯೊಂದರ ಎದುರಿಗೂ ಅಳಿಸಿದ ದಿನಾಂಕ ಮತ್ತು ಅದು ಬುಟ್ಟಿಗೆ ಬಂದ ಕಾರಣ ಕಾಣುತ್ತದೆ. ಭಾನುವಾರದ ತಾರೀಖು ಕಂಡರೆ ಅವೇ ಮಗ ತೆಗೆದ ಹೆಸರುಗಳು ಎಂದು ಖಾತ್ರಿ. ಬೇಕಾದವನ್ನು ಗುರುತು ಮಾಡಿ `Recover` ಒತ್ತಿದರೆ ಅವು ಪಟ್ಟಿಗೆ ಮರಳುತ್ತವೆ, ಇಂಟರ್‌ನೆಟ್ ಇದ್ದರೆ ಸ್ವಲ್ಪ ಹೊತ್ತಿನಲ್ಲಿ ಫೋನಿನಲ್ಲೂ ಕಾಣಿಸುತ್ತವೆ. ಗಡುವು ಅಳಿಸಿದ ದಿನದಿಂದ 30 ದಿನ. ಅದು ದಾಟಿದರೆ ಬುಟ್ಟಿ ತಾನಾಗಿಯೇ ಖಾಲಿಯಾಗುತ್ತದೆ.

ಅದೇ ಪುಟದ ಸೆಟ್ಟಿಂಗ್ಸ್ ಗುರುತಿನ ಕೆಳಗೆ `Undo changes` ಎಂಬ ಇನ್ನೊಂದು ದಾರಿಯಿದೆ. ಹತ್ತು ನಿಮಿಷದ ಹಿಂದೆ, ಒಂದು ಗಂಟೆಯ ಹಿಂದೆ, ನಿನ್ನೆ, ಒಂದು ವಾರದ ಹಿಂದೆ ಅಥವಾ 30 ದಿನಗಳೊಳಗಿನ ಯಾವುದೇ ಹೊತ್ತಿಗೆ ಪಟ್ಟಿಯನ್ನು ಹಿಂದಕ್ಕೆ ಒಯ್ಯಬಹುದು. ಕೇಳಲು ಇದು ಸುಲಭ ಅನ್ನಿಸುತ್ತದೆ. ಆದರೆ ಇದು ಒಂದೊಂದು ಹೆಸರನ್ನು ಆರಿಸಿ ತರುವ ಸೌಲಭ್ಯವಲ್ಲ, ಆ ಖಾತೆಯ ಇಡೀ ಪಟ್ಟಿಯನ್ನೇ ಅಂದಿನ ಸ್ಥಿತಿಗೆ ಒಯ್ಯುತ್ತದೆ. ಭಾನುವಾರದಿಂದ ಗುರುವಾರದೊಳಗೆ ಅಂಗಡಿಯವರು ಆರು ಹೊಸ ಗಿರಾಕಿಗಳ ನಂಬರು ಬರೆದುಕೊಂಡಿದ್ದರೆ, 'ಒಂದು ವಾರ' ಆರಿಸಿದ ಕೂಡಲೇ ಆ ಆರೂ ಪಟ್ಟಿಯಿಂದ ಹೋಗುತ್ತವೆ. ಇದನ್ನು ಮುಟ್ಟುವ ಮೊದಲು `Export` ಒತ್ತಿ ಈಗಿನ ಪಟ್ಟಿಯ ಒಂದು ಪ್ರತಿ ಇಳಿಸಿಕೊಳ್ಳಲೇಬೇಕು.

ಹಾಗಾದರೆ ಇದರ ಅಗತ್ಯ ಎಲ್ಲಿ? ಅಳಿಸದೆಯೇ ಹಾಳಾದ ಹೆಸರುಗಳಲ್ಲಿ. ಹೂವಿನವರ ನಂಬರಿನ ಜಾಗದಲ್ಲಿ ಯಾರೋ ಬೇರೆ ನಂಬರು ಬರೆದು ಸೇವ್ ಮಾಡಿದ್ದರೆ, ಅಥವಾ ಇಬ್ಬರು ಮಂಜುನಾಥರನ್ನು ಒಬ್ಬರೆಂದು ಸೇರಿಸಿಬಿಟ್ಟಿದ್ದರೆ, ಹಳೆಯ ನಂಬರು ಬುಟ್ಟಿಯಲ್ಲಿ ಸಿಗುವುದಿಲ್ಲ. ಅಲ್ಲಿ ಅಳಿಸಿದ್ದು ಏನೂ ಇಲ್ಲ, ತಿದ್ದಿದ್ದು ಮಾತ್ರ. ಆಗ ಪಟ್ಟಿಯನ್ನೇ ಹಿಂದಕ್ಕೆ ಒಯ್ಯಬೇಕಾಗುತ್ತದೆ.

64 ಹೆಸರು ಮರಳಿದರೂ ಹೂವಿನವರು ಇನ್ನೂ ಸಿಕ್ಕಿಲ್ಲ. ಈಗ ಕೇಳಬೇಕಾದದ್ದು ಇದು: ಕಾಣೆಯಾದ ಹೆಸರುಗಳಲ್ಲಿ ಸಮಾನವಾದದ್ದೇನು? ನೆನಪು ಮಾಡಿಕೊಂಡರೆ ಅವೆಲ್ಲ ಅಂಗಡಿಯ ಮೊದಲ ದಿನಗಳ ಸಂಪರ್ಕಗಳು. ಅಂದಿನ ಫೋನಿಗೆ ಮೊಬೈಲ್ ಅಂಗಡಿಯ ಹುಡುಗನೇ ಒಂದು ಜಿಮೇಲ್ ಮಾಡಿಕೊಟ್ಟಿದ್ದ. ಮಗ 'ಸುಮ್ನೆ ಕೂತಿತ್ತು' ಎಂದು ತೆಗೆದ ಖಾತೆ ಅದೇ. ಇಂಥ ಖಾತೆಗಳು ನಮ್ಮ ಊರುಗಳಲ್ಲಿ ಬಹಳ. ಮಾಲೀಕರಿಗೆ ಅದರ ವಿಳಾಸವೂ ಗೊತ್ತಿರುವುದಿಲ್ಲ, ಪಾಸ್‌ವರ್ಡೂ ಗೊತ್ತಿರುವುದಿಲ್ಲ.

ಸಮಾಧಾನದ ಸಂಗತಿಯೆಂದರೆ, ಫೋನಿನಿಂದ ಖಾತೆಯನ್ನು ತೆಗೆದರೆ ಅದರೊಳಗಿನ ಹೆಸರುಗಳು ಅಳಿಯುವುದಿಲ್ಲ. ಫೋನಿನಲ್ಲಿದ್ದ ಪ್ರತಿ ಹೋಗುತ್ತದೆ, ಗೂಗಲ್ ಬಳಿಯಿರುವ ಮೂಲ ಹಾಗೆಯೇ ಇರುತ್ತದೆ. ವಿಳಾಸ ಮರೆತಿದ್ದರೆ ಲಾಗಿನ್ ಪುಟದ `Forgot email?` ಒತ್ತಿ, ಆ ಖಾತೆಗೆ ಜೋಡಿಸಿದ್ದ ಮೊಬೈಲ್ ನಂಬರು ಮತ್ತು ಖಾತೆಯಲ್ಲಿ ಬರೆದಿದ್ದ ಹೆಸರು ಕೊಟ್ಟರೆ, ಎರಡೂ ಹೊಂದಿದಾಗ ವಿಳಾಸ ಸಿಗುತ್ತದೆ. ಆ ನಂಬರಿನ ಸಿಮ್ ಈಗಲೂ ಚಾಲ್ತಿಯಲ್ಲಿರಬೇಕು ಎಂಬುದೇ ಇಲ್ಲಿನ ತೊಡಕು, ಯಾಕೆಂದರೆ ಕೋಡ್ ಬರುವುದು ಅದಕ್ಕೆ. ಇನ್ನೊಂದು ಮಿತಿಯೂ ಇದೆ. ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಭಾನುವಾರ ತೆಗೆದ ಖಾತೆಗೆ ಈ ಭಯವಿಲ್ಲ, ವರ್ಷಗಟ್ಟಲೆ ಮುಟ್ಟದ ಖಾತೆಗೆ ಇದೆ.

ಹಳೆಯ ಖಾತೆಯಲ್ಲಿ 380 ಹೆಸರುಗಳು ಸಿಕ್ಕವು ಎನ್ನೋಣ. ಅಲ್ಲಿ `Export` ಒತ್ತಿ `Google CSV` ಆರಿಸಿದರೆ ಒಂದು ಕಡತ ಇಳಿಯುತ್ತದೆ. ಈಗಿನ ಖಾತೆಗೆ ಬಂದು `Import` ಒತ್ತಿ ಆ ಕಡತ ಕೊಟ್ಟರೆ ಎಲ್ಲವೂ ಒಂದೇ ಖಾತೆಯಲ್ಲಿ ಸೇರುತ್ತವೆ. ಹಳೆಯದರಿಂದ ಏನನ್ನೂ ಅಳಿಸುವ ಅವಸರ ಬೇಡ.

ಐಫೋನ್ ಬಳಸುವವರ ಹೆಸರುಗಳು ಐಕ್ಲೌಡ್‌ನಲ್ಲಿದ್ದರೆ ಕ್ರಮ ಬೇರೆ. `iCloud.com`ನಲ್ಲಿ `Data Recovery` ಎಂಬಲ್ಲಿ ಹಳೆಯ ಪಟ್ಟಿಗಳು ತಾರೀಖಿನ ಸಮೇತ ಇರುತ್ತವೆ. ಅಲ್ಲಿಯೂ ಮರಳುವುದು ಇಡೀ ಪಟ್ಟಿಯೇ, ಆದರೆ ಈಗಿನ ಪಟ್ಟಿಯ ಪ್ರತಿಯನ್ನು ಅದು ಮೊದಲೇ ಎತ್ತಿಡುತ್ತದೆ.

ಕಷ್ಟವಿರುವುದು ಕೊನೆಯ 25 ಹೆಸರುಗಳಲ್ಲಿ. ಅವು ಯಾವ ಖಾತೆಗೂ ಸೇರದೆ ಫೋನಿನ ಒಳಗೇ ಇದ್ದವು. ಗೂಗಲ್ ಬುಟ್ಟಿಗೆ ಅವುಗಳ ಸುಳಿವೇ ಇಲ್ಲ. ಸ್ಯಾಮ್‌ಸಂಗ್‌ನಂಥ ಕೆಲವು ಫೋನುಗಳ ಸ್ವಂತ ಕಾಂಟ್ಯಾಕ್ಟ್ಸ್ ಆ್ಯಪಿನಲ್ಲಿ ಬೇರೆಯೇ ಬುಟ್ಟಿಯಿದೆ, ಮೊದಲು ಅದನ್ನು ನೋಡಬೇಕು. ಮನೆಯಲ್ಲಿ ಹಳೆಯ ಫೋನ್ ಇದ್ದರೆ ವೈಫೈ, ಡೇಟಾ ಎರಡನ್ನೂ ಕೊಡದೆ ಅದನ್ನು ಆನ್ ಮಾಡಿ ಹುಡುಕಬೇಕು. ಇಂಟರ್‌ನೆಟ್ ಸಿಕ್ಕರೆ ಅದರಲ್ಲಿರುವ ಜಿಮೇಲ್ ಪಟ್ಟಿಯೂ ಹೊಸದರಂತೆ ಬದಲಾಗಿಬಿಡುತ್ತದೆ. ಅದೂ ಇಲ್ಲವಾದರೆ ವಾಟ್ಸ್‌ಆ್ಯಪ್ ಉಳಿದಿದೆ: ಹೆಸರು ಹೋದರೂ ಚಾಟ್ ಹೋಗಿರುವುದಿಲ್ಲ, ಅಲ್ಲಿ ಬರೀ ನಂಬರು ಕಾಣುತ್ತದೆ. ಹಳೆಯ ಮಾತುಕತೆ ಓದಿದರೆ ಅದು ಯಾರದೆಂದು ಗೊತ್ತಾಗುತ್ತದೆ. ಹೀಗೆ ಒಂದೊಂದೇ ಗುರುತಿಸಿ ಮತ್ತೆ ಸೇವ್ ಮಾಡುವ ಮೊದಲು, ಹೊಸ ಹೆಸರುಗಳು ಯಾವ ಖಾತೆಗೆ ಹೋಗಬೇಕೆಂಬ ಆಯ್ಕೆಯನ್ನು ಕಾಂಟ್ಯಾಕ್ಟ್ಸ್ ಸೆಟ್ಟಿಂಗ್ಸಿನಲ್ಲಿ 'ಡಿವೈಸ್'ನಿಂದ ಈಗಿನ ಜಿಮೇಲಿಗೆ ಬದಲಿಸಬೇಕು.