ತೆರಿಗೆಯ ಪೆಟ್ಟಿಗೆ

ಬಸವಕಲ್ಯಾಣ ತಾಲೂಕಿನ ಮಂಠಾಳದ ಶಾಲೆಯೊಂದರಲ್ಲಿ ಉಪಾಧ್ಯಾಯರಾಗಿರುವ ನಮ್ಮ ಕಿರಿಯ ಮಿತ್ರರೊಬ್ಬರಿಗೆ ಕಾಗದಪತ್ರಗಳ ವಿಷಯದಲ್ಲಿ ಬಹಳ ಶ್ರದ್ಧೆ. ವಿಮೆಯ ರಸೀತಿ, ಮನೆಸಾಲದ ಪತ್ರ, ತಿಂಗಳ ವೇತನದ ಚೀಟಿ ಎಲ್ಲವೂ ತಗಡಿನ ಪೆಟ್ಟಿಗೆಯೊಂದರಲ್ಲಿ ಕ್ರಮವಾಗಿರುತ್ತವೆ. 2025ನೆಯ ಏಪ್ರಿಲ್ ಮೊದಲ ವಾರದಲ್ಲಿ ಅವರು ಆ ಪೆಟ್ಟಿಗೆಯೊಡನೆ ನಮ್ಮಲ್ಲಿಗೆ ಬಂದು, "ಗುರುಗಳೇ, ಎಲ್ಲಾ ಕೂಡಿಸೀನ್ರಿ. ಈಗಲೇ ವರಮಾನ ತೆರಿಗೆಯ ಪತ್ರ ತುಂಬಿದರ ಆಯ್ತಲ್ರಿ?" ಎಂದರು. ಕೂಡಿಸಿದ್ದು ಸರಿ, ತುಂಬುವುದಕ್ಕೆ ಜೂನ್ 15 ಕಳೆಯಲಿ ಎಂದು ನಾವು ಹೇಳಿದಾಗ ಅವರಿಗೆ ಆಶ್ಚರ್ಯವೇ ಆಯಿತು.

ಇದರ ಕಾರಣವನ್ನು ವಾಚಕರು ತಿಳಿದಿರುವುದು ಒಳ್ಳೆಯದು. ಸಂಬಳದಲ್ಲಿ ಹಿಡಿದ ತೆರಿಗೆ ಸರಕಾರಕ್ಕೆ ಸಂದರೂ, ಅದು ಇಂಥವರ ಲೆಕ್ಕಕ್ಕೆ ಜಮೆಯಾಗುವುದು ಸಂಬಳ ಬಟವಾಡೆ ಮಾಡುವ ಅಧಿಕಾರಿಯು ತ್ರೈಮಾಸಿಕ ಪಟ್ಟಿಯನ್ನು ಸಲ್ಲಿಸಿದ ಮೇಲೆ. ಜನವರಿಯಿಂದ ಮಾರ್ಚಿಯವರೆಗಿನ ಪಟ್ಟಿಗೆ ಮೇ 31ರ ತನಕ ಅವಧಿಯುಂಟು. ಬ್ಯಾಂಕುಗಳು ತಾವು ಕೊಟ್ಟ ಬಡ್ಡಿಯನ್ನು ಇಲಾಖೆಗೆ ತಿಳಿಸುವುದೂ ಆ ದಿನದೊಳಗೇ. ಇವೆಲ್ಲ ಕೂಡಿದ ಬಳಿಕ ಜೂನ್ 15ರೊಳಗೆ 16ನೆಯ ನಮೂನೆ ಕೈಗೆ ಬರಬೇಕು. ಆದಕಾರಣ ಏಪ್ರಿಲ್ ತಿಂಗಳಲ್ಲಿ ಇಲಾಖೆಯ ಪುಸ್ತಕವು ಅರ್ಧ ಬರೆದ ಪುಸ್ತಕ. ಆ ವರ್ಷವಂತೂ ಮೇ ಕೊನೆಯ ತನಕ ಭರ್ತಿಯ ನಮೂನೆಯೇ ಸಿದ್ಧವಿರಲಿಲ್ಲ.

ಹಾಗಾದರೆ ಮೊದಲೇ ಕೂಡಿಸಿದ್ದು ವ್ಯರ್ಥವೇ? ಅಲ್ಲ. ನಮ್ಮ ಮಿತ್ರರು ಹಳೆಯ ಪದ್ಧತಿಯನ್ನು ಆರಿಸಿದ್ದರು. ಅದರಲ್ಲಿ ವಿನಾಯಿತಿ ದೊರೆಯುವುದು ಪುರಾವೆಯಿದ್ದವರಿಗೆ ಮಾತ್ರ. ಅವರು ಜನವರಿಯಲ್ಲಿಯೇ ಪುರಾವೆಗಳನ್ನು ಶಾಲೆಗೆ ಒಪ್ಪಿಸಿದ್ದರಿಂದ ಹಿಡಿತವು ಮಿತವಾಗಿತ್ತು. ಕೆ.ಜಿ.ಐ.ಡಿ. ವಿಮೆಯ ಕಂತು ವೇತನದ ಚೀಟಿಯಲ್ಲೇ ಇರುವುದರಿಂದ ಅದಕ್ಕೆ ಬೇರೆ ಕಾಗದ ಬೇಡ. ಮನೆಸಾಲದ ಮಾತು ಬೇರೆ. ಜನವರಿಯಲ್ಲಿ ಬ್ಯಾಂಕು ಕೊಡುವುದು ಅಂದಾಜಿನ ಪತ್ರ. ಏಪ್ರಿಲ್ ತಿಂಗಳಲ್ಲಿ ಅಂತಿಮ ಪತ್ರವನ್ನು ಕೇಳಿ ಪಡೆಯಬೇಕು. 2025ರ ನಮೂನೆಯು ಸಾಲದ ಖಾತೆಯ ಸಂಖ್ಯೆ, ಸಾಲ ಮಂಜೂರಾದ ದಿನ, ವಿಮಾಪತ್ರದ ಸಂಖ್ಯೆ ಇವನ್ನೆಲ್ಲ ಕೇಳಿತು. ಪೆಟ್ಟಿಗೆಯಿದ್ದವರಿಗೆ ಅದು ಐದು ನಿಮಿಷದ ಕೆಲಸ.

ಜೂನ್ ಮೂರನೆಯ ವಾರದಲ್ಲಿ ನಾವಿಬ್ಬರೂ ಕುಳಿತು 16ನೆಯ ನಮೂನೆಯನ್ನೂ, 26ಎಎಸ್ ಎಂಬ ಜಮೆಯ ಪಟ್ಟಿಯನ್ನೂ, ಜಾಲತಾಣದಲ್ಲಿ AIS ಎಂದು ಕಾಣುವ ವಾರ್ಷಿಕ ಮಾಹಿತಿಯನ್ನೂ ಎದುರುಬದುರಾಗಿ ಇಟ್ಟು ನೋಡಿದೆವು. ತೆರಿಗೆಯ ಜಮೆ ಸರಿಯಿತ್ತು. ಆದರೆ ಪೆಟ್ಟಿಗೆಯಲ್ಲಿಲ್ಲದ ಒಂದು ಸಂಗತಿ AISನಲ್ಲಿತ್ತು: ಠೇವಣಿಯ ಬಡ್ಡಿ 38,000 ರೂಪಾಯಿ. "ಬ್ಯಾಂಕಿನವರು ತೆರಿಗೆ ಹಿಡಿದೇ ಇಲ್ಲಲ್ರಿ!" ಎಂದರು ಮಿತ್ರರು. ಹಿಡಿಯಲಿಲ್ಲ, ನಿಜ, ಆ ವರ್ಷ ಬಡ್ಡಿಯು 40,000ವನ್ನು ಮೀರಿದರೆ ಮಾತ್ರ ಹಿಡಿಯಬೇಕಾಗಿತ್ತು. ಹಿಡಿಯದಿದ್ದ ಮಾತ್ರಕ್ಕೆ ವರಮಾನವು ತೆರಿಗೆಯಿಂದ ಮುಕ್ತವಾಗದು. ಈ ಭ್ರಮೆ ಓದಿದವರಲ್ಲಿಯೂ ಹೇರಳ.

ಲೆಕ್ಕ ಹೀಗಾಯಿತು. 2024-25ರ ವೇತನ 9,60,000. ಅದರಲ್ಲಿ ಸಾಮಾನ್ಯ ಕಡಿತ 50,000, ವೃತ್ತಿ ತೆರಿಗೆ 2,400 ಕಳೆದು, ಬಡ್ಡಿ 38,000 ಕೂಡಿಸಬೇಕು. ಆಮೇಲೆ ತಾವೇ ವಾಸಿಸುವ ಮನೆಯ ಸಾಲದ ಬಡ್ಡಿ 2,00,000, ವಿಮೆ ಮೊದಲಾದ ಉಳಿತಾಯ 1,50,000 ಕಳೆಯಬೇಕು. ಉಳಿದದ್ದು 5,95,600, ಅದರ ಮೇಲೆ ಮೇಲ್ತೆರಿಗೆ ಸಹಿತ 32,880. ಶಾಲೆಯಲ್ಲಿ ಹಿಡಿದದ್ದು 24,980. ಉಳಿದ 7,900ನ್ನು ಮಿತ್ರರು ತಾವೇ ಕಟ್ಟಿ, ಚಲನ್ ಸಂಖ್ಯೆಯನ್ನು ಪತ್ರದಲ್ಲಿ ಕಾಣಿಸಿದರು. ಬಾಕಿಯು 10,000ಕ್ಕೆ ಕಡಿಮೆಯಿದ್ದುದರಿಂದ ಮುಂಗಡ ತೆರಿಗೆ ಕಟ್ಟಲಿಲ್ಲವೆಂಬ ಬಡ್ಡಿ ತಗಲಲಿಲ್ಲ.

ಇಷ್ಟೇ ವರಮಾನಕ್ಕೆ ಹೊಸ ಪದ್ಧತಿಯಲ್ಲಿ 43,990 ಆಗುತ್ತಿತ್ತು. ಗಡುವು ಮೀರಿದವರಿಗೆ ಹಳೆಯ ಪದ್ಧತಿಯ ಆಯ್ಕೆಯೇ ಇಲ್ಲ. ಆಗ ಪೆಟ್ಟಿಗೆಯ ತುಂಬ ಪುರಾವೆಯಿದ್ದರೂ 11,110 ರೂಪಾಯಿ ಹೆಚ್ಚು ತೆರಿಗೆ, ಮೇಲೆ 5,000 ವಿಳಂಬ ಶುಲ್ಕ. ಗಡುವು ಜುಲೈ 31 ಇದ್ದದ್ದು ಆ ವರ್ಷ ಸೆಪ್ಟೆಂಬರ್ 16ಕ್ಕೆ ಮುಂದೆ ಹೋಯಿತೆಂಬುದು ನಿಜ. ಆದರೆ ಮುಂದೂಡಿಕೆಯನ್ನು ನಂಬಿ ಕುಳಿತುಕೊಳ್ಳುವುದು ನಮಗೆ ಒಪ್ಪಿಗೆಯಿಲ್ಲ.

ಪತ್ರವನ್ನು ಕಳುಹಿದೊಡನೆ ಕೆಲಸ ಮುಗಿಯಿತೆಂದು ಭಾವಿಸುವವರೂ ಉಂಟು. 30 ದಿನಗಳೊಳಗೆ ಆಧಾರ್‌ನ ಸಂಕೇತದಿಂದ ದೃಢೀಕರಿಸಬೇಕು, ಇಲ್ಲವೆ ಸಹಿ ಮಾಡಿದ ಪ್ರತಿಯನ್ನು ಬೆಂಗಳೂರಿನ ಸಂಸ್ಕರಣ ಕೇಂದ್ರಕ್ಕೆ ಅಂಚೆಯಲ್ಲಿ ಕಳುಹಬೇಕು. ತಡವಾದರೆ ದೃಢೀಕರಿಸಿದ ದಿನವೇ ಸಲ್ಲಿಸಿದ ದಿನವಾಗುತ್ತದೆ. ಗಡುವಿನೊಳಗೆ ಕಳುಹಿದ ಪತ್ರವೂ ಗಡುವು ಮೀರಿದ್ದಾಗಬಹುದು.

2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ವರಮಾನದ ವೇತನದಾರರಿಗೆ ತೆರಿಗೆಯಿಲ್ಲದಿರುವುದರಿಂದ, ನಮ್ಮ ಮಿತ್ರರಿಗೆ ಹಳೆಯ ಪದ್ಧತಿ ಇನ್ನು ಬೇಕಿಲ್ಲ. 2026ರ ಏಪ್ರಿಲ್ 1ರಿಂದ 1961ರ ಅಧಿನಿಯಮದ ಬದಲಿಗೆ 2025ರ ಅಧಿನಿಯಮ ಬಂದು, ಹಿಂದಿನ ವರ್ಷ, ನಿರ್ಧಾರಣ ವರ್ಷ ಎಂಬ ಗೊಂದಲದ ಜೋಡಿಯು ಹೋಗಿ 'ತೆರಿಗೆ ವರ್ಷ' ಎಂಬ ಒಂದೇ ಹೆಸರು ನಿಂತಿದೆ. ಮಿತ್ರರ ಪೆಟ್ಟಿಗೆಯಲ್ಲಿ ಈಗ ಠೇವಣಿಯ ಬಡ್ಡಿಯ ಚೀಟಿಗೂ ಸ್ಥಾನ ದೊರೆತಿದೆ.